ಅಜ್ಜ, ಅಪ್ಪಿ, ಉಬ್ಬು: ಇಬ್ಬರು ಗೆಳತಿಯರ ಗುಟ್ಟಿನ ಲಿಪಿ ಮುರಿದದ್ದು ಹೇಗೆ

ಪ್ರಶ್ನೆ: ಸರ್, ನನ್ನ ಮಗಳು 8ನೇ ಕ್ಲಾಸು. ಶಾಲೆಯ ಗೋಡೆ ಪತ್ರಿಕೆಗೆ ಒಂದು ಸಣ್ಣ ಕತೆ ಬರೀಬೇಕಂತೆ. ಇಬ್ಬರು ಹಳ್ಳಿ ಗೆಳತಿಯರು ಗುಪ್ತ ಲಿಪಿ ಮಾಡ್ಕೊಳ್ತಾರೆ, ಆಮೇಲೆ ಅದರ ದೋಷ ತಾವೇ ಕಂಡುಹಿಡೀತಾರೆ. ನೆಟ್‌ನಲ್ಲಿ ಸಿಗೋದೆಲ್ಲ ಇಂಗ್ಲಿಷ್ ಅಕ್ಷರದ್ದು. ಕನ್ನಡದಲ್ಲಿ ಮಾಡಿದ್ರೆ ಲಿಪಿ ನಿಜವಾಗ್ಲೂ ಎಲ್ಲಿ ಒಡೆಯುತ್ತೆ? ಕತೆ ರೂಪದಲ್ಲೇ ಹೇಳಿದ್ರೆ ಒಳ್ಳೇದು.

ಉತ್ತರ: ಕತೆಯಾಗೇ ಹೇಳ್ತೀನಿ, ಮಧ್ಯೆ ಮಧ್ಯೆ ನಾನು ಬಾಯಿ ಹಾಕ್ತೀನಿ, ಆ ಭಾಗ ಬಿಟ್ಟು ಉಳಿದದ್ದನ್ನು ಮಗಳು ತನ್ನ ಮಾತಿನಲ್ಲಿ ಬರೆದುಕೊಳ್ಳಲಿ. ಇಂಗ್ಲಿಷ್ ಉದಾಹರಣೆಗಳನ್ನು ಹಾಗೇ ಕನ್ನಡಕ್ಕೆ ತಂದರೆ ಕೆಲಸ ಮಾಡುವುದಿಲ್ಲ. ನಮ್ಮ ಕಾಗುಣಿತ, ಒತ್ತಕ್ಷರ, ವಿಭಕ್ತಿ ಎಲ್ಲ ಬೇರೆ, ಹಾಗಾಗಿ ಕನ್ನಡದ ಲಿಪಿ ಒಡೆಯುವ ಜಾಗವೂ ಬೇರೆ.

ತಿಪಟೂರು ಕಡೆಯ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ಕೆರೆ, ಕೆರೆ ಏರಿ, ಆಚೆಗೆ ತೆಂಗಿನ ತೋಟ. ಮನೆಗಳಲ್ಲಿ ಫೋನು ಇಲ್ಲದ ಕಾಲ. ಕಮಲ, ರತ್ನ ಇಬ್ಬರೂ ಒಂದೇ ಕ್ಲಾಸು. ಕಮಲಳಿಗೆ ಒಬ್ಬ ಅಣ್ಣ, ತಂಗಿಯ ಎಲ್ಲ ವಿಷಯಕ್ಕೂ ಮೂಗು ತೂರಿಸುವವನು. ಇವರಿಬ್ಬರು ಅರಳಿಕಟ್ಟೆಯ ಕಲ್ಲಿನ ಸಂದಿಯಲ್ಲಿ ಚೀಟಿ ಇಟ್ಟು ಮಾತಾಡಿಕೊಳ್ಳುತ್ತಿದ್ದರು. ಅಣ್ಣನಿಗೆ ಆ ಸಂದಿ ಗೊತ್ತಾಗಿಹೋಯಿತು. ಜಾಗ ಬದಲಾಯಿಸಿದರೆ ಅದನ್ನೂ ಹುಡುಕುತ್ತಾನೆ. ಅದಕ್ಕೆ ಕಮಲ ಹೇಳಿದಳು, "ಚೀಟಿ ಸಿಕ್ಕರೆ ಸಿಗಲಿ ಬಿಡೇ, ಓದೋಕಾಗಬಾರದು ಅಷ್ಟೇ."

ಮೊದಲ ಲಿಪಿ ಬಹಳ ಸುಲಭದ್ದು. ವರ್ಣಮಾಲೆಯಲ್ಲಿ ಪ್ರತಿ ವ್ಯಂಜನಕ್ಕೂ ಅದರ ಮುಂದಿನ ವ್ಯಂಜನ ಬರೆಯುವುದು. ಕ ಇದ್ದರೆ ಖ, ತ ಇದ್ದರೆ ಥ, ನ ಇದ್ದರೆ ಪ. ಕೊನೆಯ ಳ ಬಂದರೆ ತಿರುಗಿ ಕ. ಗುಣಿತದ ಚಿಹ್ನೆ, ಒತ್ತು ಹೇಗಿದೆಯೋ ಹಾಗೆ. "ನಾನು ತೋಟದಲ್ಲಿ ಇದೀನಿ ಬಾ" ಅನ್ನುವುದು ಹೀಗಾಯಿತು:

ಪಾಪು ಥೋಠಧವ್ವಿ ಇಧೀಪಿ ಭಾ

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಣ್ಣನ ಕೈಗೆ ಸಿಕ್ಕ ಮೊದಲ ಚೀಟಿ ಇದೇ. ಅವನು ಅದನ್ನು ಊಟ ಮುಗಿಯುವುದರೊಳಗೆ ಓದಿದ. "ಏನೇ ಇದು, ನಾಲ್ಕು ಪದದಲ್ಲಿ ಐದು ಹೊಟ್ಟೆ ಸೀಳಿದ ಅಕ್ಷರ? ಯಾರೇ ಹಿಂಗೆ ಮಾತಾಡ್ತಾರೆ?"

ಇಲ್ಲಿ ನಾನು ಬಾಯಿ ಹಾಕ್ತೀನಿ. ಅಕ್ಷರ ಸರಿಸುವ ಈ ಉಪಾಯವನ್ನು ಎರಡು ಸಾವಿರ ವರ್ಷದ ಹಿಂದೆ ರೋಮಿನ ಜೂಲಿಯಸ್ ಸೀಸರ್ ಬಳಸುತ್ತಿದ್ದ, ಅವನು ಮೂರು ಅಕ್ಷರ ಸರಿಸುತ್ತಿದ್ದ. ಇಂಗ್ಲಿಷಿನಲ್ಲಿ ಇದನ್ನು ಒಡೆಯಲು 25 ಸರಿತಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಕನ್ನಡದಲ್ಲಿ ವ್ಯಂಜನ 34, ಅಂದರೆ 33 ಸರಿತ, ಲೆಕ್ಕಕ್ಕೆ ಜಾಸ್ತಿಯೇ. ಆದರೆ ಒಂದು ಮನೆ ಸರಿಸಿದ್ದರೆ ಹಾಕಿ ನೋಡುವ ಕೆಲಸವೇ ಬೇಡ. ನಮ್ಮ ವರ್ಗಾಕ್ಷರಗಳಲ್ಲಿ ಅಲ್ಪಪ್ರಾಣದ ಪಕ್ಕದಲ್ಲೇ ಮಹಾಪ್ರಾಣ ಕೂತಿದೆ. ಆಡುಮಾತಿನ ಕನ್ನಡದಲ್ಲಿ ಮಹಾಪ್ರಾಣ ಬಹಳ ಅಪರೂಪ. ಚೀಟಿಯ ತುಂಬ ಥ, ಠ, ಧ ಕಂಡರೆ ಎಷ್ಟು ಸರಿಸಿದ್ದಾರೆ ಅನ್ನುವುದನ್ನು ಅದೇ ಕೂಗಿ ಹೇಳುತ್ತದೆ. ಅಣ್ಣ ಒಂದೊಂದು ಅಕ್ಷರ ಹಿಂದಕ್ಕೆ ಎಳೆದ, ಮುಗಿಯಿತು.

ಸರಿ, ಕತೆಗೆ ವಾಪಸ್. ರತ್ನ ಸ್ವಲ್ಪ ಹಟದವಳು. ಮಹಾಪ್ರಾಣ ಹತ್ತನ್ನೂ, ಯಾರೂ ಬರೆಯದ ಙ, ಞ ಎರಡನ್ನೂ ತೆಗೆದುಹಾಕಿದಳು. ಉಳಿದದ್ದು 22 ವ್ಯಂಜನ. ಅವುಗಳನ್ನು ಚೂರು ಕಾಗದಗಳ ಮೇಲೆ ಬರೆದು, ಡಬ್ಬಿಗೆ ಹಾಕಿ ಕುಲುಕಿ, ಕಣ್ಣು ಮುಚ್ಚಿ ಒಂದೊಂದೇ ತೆಗೆದು, ಕ ಇಂದ ಳ ತನಕ ಎದುರೆದುರು ಬರೆದುಕೊಂಡಳು. ಈಗ ಯಾವ ಕ್ರಮವೂ ಇಲ್ಲ. ಕ ಇದ್ದಲ್ಲಿ ಹ, ತ ಇದ್ದಲ್ಲಿ ಮ, ಹೀಗೆ. ಚಾರ್ಟಿನ ಎರಡು ಪ್ರತಿ, ಒಬ್ಬೊಬ್ಬರಿಗೆ ಒಂದು. ಅಣ್ಣನ ಕೈಗೆ ಚೀಟಿ ಸಿಕ್ಕಿತು, ತಲೆ ಕೆರೆದುಕೊಂಡ, ಕೈಬಿಟ್ಟ.

ಇಲ್ಲಿ ಯಾರಿಗಾದರೂ ಇದು ಗಟ್ಟಿ ಅನ್ನಿಸುತ್ತದೆ. 22 ಅಕ್ಷರಗಳನ್ನು ಅದಲು ಬದಲು ಮಾಡುವ ದಾರಿಗಳು ಎಷ್ಟು ಅಂದರೆ ಸುಮಾರು 1ರ ಮುಂದೆ 21 ಸೊನ್ನೆ. ಸೆಕೆಂಡಿಗೆ ಒಂದರಂತೆ ಹಾಕಿ ನೋಡಿದರೂ ಎಲ್ಲ ಮುಗಿಯಲು 35 ಲಕ್ಷ ಕೋಟಿ ವರ್ಷ ಬೇಕು. ಅಷ್ಟಿದ್ದೂ ಈ ಲಿಪಿಯನ್ನು ಒಂದು ಮಧ್ಯಾಹ್ನದಲ್ಲಿ, ಪೆನ್ಸಿಲ್ ಹಿಡಿದು, ಒಡೆಯಬಹುದು. ಕತೆಯ ನಿಜವಾದ ಭಾಗ ಇದೇ, ಮಗಳು ಇಲ್ಲಿ ಅವಸರ ಮಾಡದೆ ಬರೆಯಬೇಕು.

ಏನಾಯಿತು ಅಂದರೆ, ರತ್ನಳ ಚಾರ್ಟು ಲಂಗದ ಜೇಬಿನಲ್ಲಿತ್ತು. ಅಮ್ಮ ಲಂಗ ಒಗೆದುಹಾಕಿದರು. ಚಾರ್ಟು ಮುದ್ದೆಯಾಯಿತು. ಕಮಲಳನ್ನು ಕೇಳೋಣವೆಂದರೆ ಅವಳು ಅಮ್ಮನ ಜೊತೆ ಸಂತೆಗೆ ಹೋಗಿದ್ದಳು. ಅರಳಿಕಟ್ಟೆಯಲ್ಲಿ ಮಾತ್ರ ಬೆಳಿಗ್ಗೆಯೇ ಇಟ್ಟ ಹೊಸ ಚೀಟಿ:

ಇಚಮ್ಮು ಡಂಲೆ ಹೆಗೆ ಏಗಿಟೆ ಯಗಯೇಕ. ಅಪ್ಪಿ ಅಜ್ಜ ಇಸ್ಸಾರೆ. ರಾತೆ ಯೆತಿಟ್ಟೆ ಮೋವಸಪ್ಪಿ ಡಿಟೋಜ. ರೆಪ್ಪಿಹಾನಿ ರಾರು ಮಗ್ಮೀರಿ, ಉಬ್ಬು ರೀರು ಮಾ.

ಚಾರ್ಟು ಇಲ್ಲ. ಸುಮ್ನೆ ನೋಡುತ್ತಾ ಕೂತಳು. ಅಜ್ಜ, ಉಬ್ಬು, ಅಪ್ಪಿ ಎಲ್ಲ ಕನ್ನಡದ ಪದಗಳೇ, ಆದರೆ ಅದಲ್ಲ ಅಂತ ಅವಳಿಗೆ ಗೊತ್ತು. ಮೊದಲು ಕಣ್ಣಿಗೆ ಬಿದ್ದದ್ದು "ರಾರು", "ರೀರು". ಎರಡೂ ಪುಟ್ಟ ಪದ. ಒಂದೊಂದರಲ್ಲೂ ಒಂದೇ ವ್ಯಂಜನ ಎರಡು ಸಲ. ಒಂದರಲ್ಲಿ ದೀರ್ಘ ಆ, ಇನ್ನೊಂದರಲ್ಲಿ ದೀರ್ಘ ಈ, ಎರಡಕ್ಕೂ ಕೊನೆಯಲ್ಲಿ ಉ. ಇಬ್ಬರು ಗೆಳತಿಯರ ಚೀಟಿಯಲ್ಲಿ ಇದು ಇನ್ನೇನಿರುತ್ತೆ, ನಾನು, ನೀನು ಅಲ್ವಾ? ಹಾಗಾದರೆ ಚೀಟಿಯ ರ ಅಂದರೆ ನ.

ಎರಡನೆಯದು "ಪ್ಪಿ". "ಅಪ್ಪಿ" ಅಂತ ಒಮ್ಮೆ, "ಮೋವಸಪ್ಪಿ" ಪದದ ಕೊನೆಯಲ್ಲಿ ಒಮ್ಮೆ, "ರೆಪ್ಪಿಹಾನಿ" ನಡುವೆ ಒಮ್ಮೆ. ಪದದ ಕೊನೆಯಲ್ಲಿ ಒತ್ತಕ್ಷರಕ್ಕೆ ಗುಡಿಸು ಬಂದರೆ ಕನ್ನಡದಲ್ಲಿ ಮೊದಲು ಹೊಳೆಯಬೇಕಾದ್ದು "ಅಲ್ಲಿ": ಮನೆಯಲ್ಲಿ, ಊರಲ್ಲಿ, ತೋಟದಲ್ಲಿ. ಚೀಟಿಯಲ್ಲಿ "ಅಪ್ಪಿ" ಒಂಟಿಯಾಗಿಯೂ ನಿಂತಿದೆ. ಅಲ್ಲಿಗೆ ಪ ಅಂದರೆ ಲ.

ಎರಡೇ ಅಕ್ಷರ ಗೊತ್ತಾದದ್ದು. ಈಗ ನೋಡಿ ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆ. "ರೆಪ್ಪಿಹಾನಿ" ಅಂದರೆ "ನೆಲ್ಲಿ" ಆದಮೇಲೆ ದೀರ್ಘ ಆ ಇರುವ ಒಂದಕ್ಷರ, ಇ ಇರುವ ಒಂದಕ್ಷರ. ನೆಲ್ಲಿಕಾಯಿ! ಹ ಅಂದರೆ ಕ, ನ ಅಂದರೆ ಯ. "ರಾತೆ" ನಾಳೆ ಇರಬೇಕು, ತ ಅಂದರೆ ಳ. "ಇಸ್ಸಾರೆ" ಇದ್ದಾನೆ, ಸ ಅಂದರೆ ದ. "ಮೋವಸಪ್ಪಿ" ಕೊನೆ ಈಗ "ದಲ್ಲಿ" ಆಯಿತು, ಮುಂದೆ ಓಕಾರದ ಒಂದಕ್ಷರ, ಆಮೇಲೆ ಅಕಾರದ ಒಂದಕ್ಷರ. ಲೋಕದಲ್ಲಿ? ಆಗಲ್ಲ, ಲ ಮತ್ತು ಕ ಎರಡಕ್ಕೂ ಆಗಲೇ ಬೇರೆ ಅಕ್ಷರ ಸಿಕ್ಕಿದೆ. ತೋಟದಲ್ಲಿ. ಮ ಅಂದರೆ ತ, ವ ಅಂದರೆ ಟ. ಊಹೆ ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಲು ಬೇರೆ ಪದಕ್ಕೆ ಹಾಕಿ ನೋಡಿದಳು: "ಇಚಮ್ಮು" ಈಗ ಇ, ಏನೋ ಒಂದು, ತ್ತು. ಇವತ್ತು. "ಮಗ್ಮೀರಿ" ತರ್ತೀನಿ. ಇಲ್ಲಿಂದ ಚ ಅಂದರೆ ವ, ಗ ಅಂದರೆ ರ. "ಹೆಗೆ" ಕೆರೆ ಆಯಿತು. ಅದಕ್ಕೆ ಹೊಸ ಊಹೆಯೇನೂ ಬೇಕಾಗಲಿಲ್ಲ, ಗೊತ್ತಿದ್ದ ಎರಡು ಅಕ್ಷರದಿಂದಲೇ ಪದ ಕೂಡಿಕೊಂಡಿತು. ಹಾಗೆ ತಾನಾಗಿ ಕೂಡಿಕೊಂಡರೆ ದಾರಿ ಸರಿಯಿದೆ ಅಂತ ಅರ್ಥ. ತಪ್ಪು ಊಹೆ ಮಾಡಿದ್ದರೆ ಎರಡು ಮೂರು ಪದದೊಳಗೆ ಅರ್ಥವಿಲ್ಲದ ಪದವೊಂದು ಎದುರಾಗುತ್ತಿತ್ತು.

"ಏಗಿಟೆ" ಏರಿಗೆ. "ಯೆತಿಟ್ಟೆ" ಬೆಳಿಗ್ಗೆ. ಆಮೇಲೆ "ಯಗಯೇಕ". ಇದು ಬರಬೇ ತನಕ ಬಂತು, ಕೊನೆಯ ಅಕ್ಷರ ಬಾಕಿ. ಬರಬೇಕ, ಬರಬೇಡವ? ಕೆರೆ ಏರಿಗೆ ಹೋಗಬೇಕೋ ಬೇಡವೋ ಅನ್ನುವುದು ಆ ಒಂದಕ್ಷರದ ಮೇಲೆ ನಿಂತಿದೆ. ಆದರೆ ಕ ಅಕ್ಷರಕ್ಕೆ ಆಗಲೇ ಹ ಇದೆ, ಒಂದು ಅಕ್ಷರಕ್ಕೆ ಎರಡು ವೇಷ ಇರಲು ಈ ಲಿಪಿಯಲ್ಲಿ ಸಾಧ್ಯವಿಲ್ಲ. ಬರಬೇಡ. ಇದೇ ತರ್ಕದಿಂದ "ಡಂಲೆ" ಸಂತೆ ಅಲ್ಲ, ಸಂಜೆ. ತ ಆಗಲೇ ಖರ್ಚಾಗಿದೆ.

"ಅಜ್ಜ" ಮಾತ್ರ ಸ್ವಲ್ಪ ಸತಾಯಿಸಿತು. ಅಣ್ಣ, ಅಪ್ಪ, ಅಮ್ಮ, ಅಕ್ಕ ಎಲ್ಲದರ ಆಕಾರವೂ ಒಂದೇ. ಅಕ್ಕ ಆಗಲ್ಲ, ಕ ಹೋಗಿದೆ. ಅಮ್ಮ ಆಗಿದ್ದರೆ ಇದ್ದಾನೆ ಅಂತ ಬರುತ್ತಿರಲಿಲ್ಲ, ಅಪ್ಪ ಆಗಿದ್ದರೆ ಇದ್ದಾರೆ ಅಂತ ಬರೆಯುತ್ತಿದ್ದಳು. ಅಣ್ಣ ಅಂತ ಇಟ್ಟುಕೊಂಡು ಜ ಅಂದರೆ ಣ ಹಾಕಿದರೆ "ಡಿಟೋಜ" ಸಿಗೋಣ ಆಯಿತು. ಕೊನೆಗೆ ಉಳಿದ "ಉಬ್ಬು" ಉಪ್ಪು. ನೆಲ್ಲಿಕಾಯಿ ಇದ್ದಮೇಲೆ ಉಪ್ಪು ಇರಲೇಬೇಕಲ್ಲ.

ಇವತ್ತು ಸಂಜೆ ಕೆರೆ ಏರಿಗೆ ಬರಬೇಡ. ಅಲ್ಲಿ ಅಣ್ಣ ಇದ್ದಾನೆ. ನಾಳೆ ಬೆಳಿಗ್ಗೆ ತೋಟದಲ್ಲಿ ಸಿಗೋಣ. ನೆಲ್ಲಿಕಾಯಿ ನಾನು ತರ್ತೀನಿ, ಉಪ್ಪು ನೀನು ತಾ.

ರತ್ನಳಿಗೆ ಖುಷಿಯೋ ಖುಷಿ. ಆಮೇಲೆ ಮುಖ ಸಪ್ಪಗಾಯಿತು. ಮರುದಿನ ತೋಟದಲ್ಲಿ ಹೇಳಿದಳು, "ಕಮಲಿ, ಚಾರ್ಟು ಇಲ್ದೇನೆ ಓದಿದೆ ಕಣೇ. ನಾನು ಓದಿದೆ ಅಂದ್ರೆ ನಿಮ್ಮಣ್ಣನೂ ಓದ್ತಾನೆ."

ದೋಷ ಕಂಡದ್ದು ಹೀಗೆ. ಲಿಪಿ ಮಾಡಿದವರೇ ಚಾರ್ಟು ಕಳೆದುಕೊಂಡು ಓದಲು ಕೂರುವುದು ಬಹಳ ಒಳ್ಳೆಯ ಪರೀಕ್ಷೆ. ರತ್ನಳಿಗೆ ನಿಯಮ ಗೊತ್ತಿತ್ತು, ಚಾರ್ಟು ಮಾತ್ರ ಇರಲಿಲ್ಲ. ಎದುರಾಳಿಗೂ ನಿಯಮ ಇವತ್ತಲ್ಲ ನಾಳೆ ಗೊತ್ತಾಗುತ್ತದೆ, ಗುಟ್ಟಾಗಿ ಉಳಿಯುವುದು ಚಾರ್ಟು ಮಾತ್ರ ಅಂತಲೇ ಲೆಕ್ಕ ಹಾಕಬೇಕು ಎಂದು ಡಚ್ ಭಾಷಾತಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿ ಬರೆದ. ಗುಪ್ತ ಲಿಪಿಯ ಕ್ಷೇತ್ರದವರು ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾರೆ.

ಎಲ್ಲಿ ಸೋರಿತು ಅಂತ ಇಬ್ಬರೂ ಕೂತು ನೋಡಿದರು. ವ್ಯಂಜನಕ್ಕೆ ವೇಷ ಹಾಕಿದ್ದರು, ಗುಣಿತದ ಚಿಹ್ನೆ ಬರೀ ಮೈಯಲ್ಲಿ ನಿಂತಿತ್ತು. ಒತ್ತು ಒತ್ತಾಗಿಯೇ ಉಳಿದಿತ್ತು. ಪದದ ನಡುವೆ ಜಾಗ ಬಿಟ್ಟಿದ್ದರು. ಕನ್ನಡದಲ್ಲಿ ಅರ್ಧ ಗುಟ್ಟು ಗುಣಿತದಲ್ಲೇ ಇರುತ್ತದೆ. ಈ ಚೀಟಿಯನ್ನೇ ಬಿಡಿಸಿ ಎಣಿಸಿದರೆ 98 ಧ್ವನಿ ಸಿಗುತ್ತವೆ, ಅದರಲ್ಲಿ 47 ಸ್ವರ. ಆ 47ನ್ನೂ ಅವರು ಮುಚ್ಚಿಯೇ ಇರಲಿಲ್ಲ.

ಹಾಗಾಗಿ ಮೂರನೇ ಲಿಪಿ. ಕಾಗುಣಿತ ಬಿಡಿಸಿ ನ್, ಆ, ನ್, ಉ ಅಂತ ಒಂದೊಂದು ಧ್ವನಿಗೂ ಒಂದೊಂದು ಗುರುತು, ಸ್ವರಕ್ಕೂ ಸೇರಿಸಿ. ಪದಗಳ ನಡುವೆ ಜಾಗವಿಲ್ಲ. ನೋಡಲು ಭಯಂಕರವಾಗಿತ್ತು. ಆದರೆ ಈಗ ರತ್ನಳಿಗೆ ಒಡೆಯುವ ರುಚಿ ಹತ್ತಿತ್ತು. ಕೂತು ಗುರುತುಗಳನ್ನು ಎಣಿಸಿದಳು. ಮೇಲಿನ ಅದೇ ಸಂದೇಶವಾದರೆ ಅ 12 ಸಲ, ಇ 10, ಎ 9, ಆಮೇಲೆ ನ್ 8. ಯಾವ ಗುರುತು ಜಾಸ್ತಿ ಬರುತ್ತದೋ ಅದು ಸ್ವರ ಅಂತ ಹಿಡಿದರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ 9ನೇ ಶತಮಾನದಲ್ಲೇ ಹೀಗೆ ಎಣಿಸಿ ಒಡೆಯುವುದನ್ನು ಬರೆದಿಟ್ಟ.

ಕನ್ನಡದಲ್ಲಿ ಇನ್ನೊಂದು ಸೋರಿಕೆ ಇದೆ, ಇದು ನನಗೆ ಬಹಳ ಇಷ್ಟ. ಕನ್ನಡದ ಪದ ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತದೆ, ಪದದ ಒಳಗೆ ಎರಡು ಸ್ವರ ಪಕ್ಕಪಕ್ಕ ಕೂರುವುದಿಲ್ಲ. ಹಾಗಾಗಿ ಸ್ವರದ ಎರಡು ಗುರುತು ಅಂಟಿಕೊಂಡು ಬಂದರೆ ಅಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಗಿದೆ. "ಬರಬೇಡ ಅಲ್ಲಿ ಅಣ್ಣ ಇದ್ದಾನೆ" ಅನ್ನುವುದನ್ನು ಜಾಗ ಬಿಡದೆ ಬರೆದರೂ ಡ ಆದಮೇಲೆ ಅ ಅ, ಲ್ಲಿ ಆದಮೇಲೆ ಇ ಅ, ಣ್ಣ ಆದಮೇಲೆ ಅ ಇ. ಮುಚ್ಚಿಟ್ಟ ಜಾಗ ಮೂರು ಕಡೆ ಮತ್ತೆ ತೆರೆದುಕೊಂಡಿತು. ಚೀಟಿ ಎರಡು ಮೂರಾದರೆ ಉಳಿದದ್ದೂ ಬರುತ್ತದೆ, ಸಮಯ ಜಾಸ್ತಿ ಹಿಡಿಯುತ್ತದೆ ಅಷ್ಟೇ.

ಒಂದು ಧ್ವನಿಗೆ ಯಾವಾಗಲೂ ಒಂದೇ ಗುರುತು ಇರುವ ತನಕ ಇದು ತಪ್ಪಿದ್ದಲ್ಲ. ಕತೆಯಲ್ಲಿ ಕಮಲ ಇದನ್ನು ತಾನಾಗಿಯೇ ಹೇಳಲಿ: "ಒಂದೇ ಅಕ್ಷರ ಒಂದೊಂದು ಸಲ ಒಂದೊಂದು ಥರ ಕಾಣ್ಬೇಕು ಕಣೇ."

ಅವರು ಮಾಡಿದ್ದು ಇಷ್ಟು. ಅ ಇಂದ ಓ ತನಕ, ಋ ಐ ಔ ಬಿಟ್ಟು, ಹತ್ತು ಸ್ವರಕ್ಕೆ 1ರಿಂದ 10. ಸೊನ್ನೆಗೆ 11. ಕ 12, ಗ 13, ಹೀಗೆ ಳ ತನಕ 33. ಡಬ್ಬಿಯಲ್ಲಿ 1ರಿಂದ 33 ಬರೆದ ಚೂರುಗಳು. ಒಂದು ತೆಗೆದು, ಸಂಖ್ಯೆ ಬರೆದುಕೊಂಡು, ಮತ್ತೆ ಡಬ್ಬಿಗೆ ಹಾಕಿ ಕುಲುಕಿ ಇನ್ನೊಂದು. ವಾಪಸ್ ಹಾಕುವುದು ಮರೆಯಬಾರದು, ಇಲ್ಲದಿದ್ದರೆ ಬಂದ ಸಂಖ್ಯೆ ಮತ್ತೆ ಬರುವುದಿಲ್ಲ, ಅದೂ ಒಂದು ಸುಳಿವು. ಹೀಗೆ ಬರೆದ ಪಟ್ಟಿಯ ಎರಡು ಪ್ರತಿ. ಸಂದೇಶದ ಸಂಖ್ಯೆಗೆ ಪಟ್ಟಿಯ ಸಂಖ್ಯೆ ಕೂಡಿಸುವುದು, 33 ದಾಟಿದರೆ 33 ಕಳೆಯುವುದು. "ತಾ" ಅಂದರೆ ತ್ 19, ಆ 2. ಪಟ್ಟಿಯಲ್ಲಿ 20, 7 ಇದ್ದರೆ 39, 9. ಅಂದರೆ ಚೀಟಿಯಲ್ಲಿ 6, 9.

ಅಣ್ಣನಿಗೆ 6, 9 ಸಿಕ್ಕಿತು ಅನ್ನಿ. ಪಟ್ಟಿಯಲ್ಲಿ 16, 7 ಇದ್ದಿದ್ದರೆ ಇದೇ 6, 9 "ಬಾ" ಆಗುತ್ತಿತ್ತು, ಯಾಕೆಂದರೆ ಬ್ 23. ಎರಡು ಧ್ವನಿಯ ಯಾವ ಪದವನ್ನು ಬೇಕಾದರೂ ಈ ಚೀಟಿಯಿಂದ ಹೊರಡಿಸಬಹುದು. ಯಾವುದು ನಿಜ ಅಂತ ಹೇಳಲು ಚೀಟಿಯಲ್ಲಿ ಏನೂ ಉಳಿದಿಲ್ಲ. ಎಣಿಸಿದರೂ ಇಲ್ಲ, ನಾನು ನೀನು ಹುಡುಕಿದರೂ ಇಲ್ಲ. ಪಟ್ಟಿ ಪೂರ್ತಿ ಕುಲುಕಿ ತೆಗೆದದ್ದಾಗಿರಬೇಕು, ಸಂದೇಶದಷ್ಟೇ ಉದ್ದವಿರಬೇಕು, ಒಂದೇ ಸಲ ಬಳಸಿ ಸುಡಬೇಕು. ಆಗ ಇದನ್ನು ಒಡೆಯುವುದು ಅಸಾಧ್ಯ ಎಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತದಿಂದಲೇ ತೋರಿಸಿದ.

ತೊಂದರೆ ಎಲ್ಲಿ ಅಂದರೆ, ನೆಲ್ಲಿಕಾಯಿ ಚೀಟಿಯೊಂದಕ್ಕೇ 98 ಸಲ ಡಬ್ಬಿ ಕುಲುಕಬೇಕು. ಮೂರನೇ ಚೀಟಿಗೆ ಯಾರಿಗಾದರೂ ಬೇಜಾರು ಬರುತ್ತದೆ, ಹಳೇ ಪಟ್ಟಿಯನ್ನೇ ಬಳಸಿಬಿಡೋಣ ಅನ್ನಿಸುತ್ತದೆ. ಬಳಸಿದರೆ ಹೋಯಿತು. ಎರಡು ಚೀಟಿಗಳನ್ನು ಒಂದರಿಂದ ಒಂದು ಕಳೆದರೆ ಪಟ್ಟಿಯೇ ಹಾರಿಹೋಗುತ್ತದೆ, ಎರಡು ಸಂದೇಶಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಒಂದರಲ್ಲಿ ಯಾವುದೋ ಜಾಗದಲ್ಲಿ "ತೋಟದಲ್ಲಿ" ಇರಬಹುದು ಅಂತ ಊಹಿಸಿ ಹಾಕಿದರೆ ಇನ್ನೊಂದರ ಅದೇ ಜಾಗದಲ್ಲಿ ಏನಿದೆ ಅಂತ ಕಾಣುತ್ತದೆ. ಅಲ್ಲಿ ಅರ್ಥವಾಗುವ ಚೂರು ಕಂಡರೆ ಊಹೆ ಸರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟದವರು ಇಂಥ ಪಟ್ಟಿಯ ಕೆಲವು ಹಾಳೆಗಳನ್ನು ಎರಡೆರಡು ಸಲ ಬಳಸಿಬಿಟ್ಟರು. ಅಷ್ಟರಿಂದಲೇ ಅಮೆರಿಕದವರು ಅವರ ಸಾವಿರಾರು ಸಂದೇಶಗಳಲ್ಲಿ ಒಂದು ಭಾಗವನ್ನು ಓದಿದರು. ಆ ಕೆಲಸಕ್ಕೆ ವೆನೋನಾ ಅಂತ ಹೆಸರು.

ಕತೆಯನ್ನು ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಮಗಳಿಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ರತ್ನ ಚಾರ್ಟಿಲ್ಲದೆ ಓದಿದ ಜಾಗವೇ ಸಾಕು, ಗೋಡೆ ಪತ್ರಿಕೆಯಲ್ಲಿ ಅಷ್ಟಕ್ಕೇ ಜಾಗ ತುಂಬುತ್ತದೆ. ಪಟ್ಟಿಯ ವಿಷಯ ಬೇಕಿದ್ದರೆ ಇನ್ನೊಂದು ಸಂಚಿಕೆಗೆ.

ಅವಳು ತನ್ನದೇ ಚೀಟಿ ಮಾಡುವುದಾದರೆ ಒಂದು ವಿಷಯ ನೋಡಿಕೊಳ್ಳಲಿ. ಚೀಟಿ ತೀರಾ ಚಿಕ್ಕದಿದ್ದರೆ ಓದುಗರು ಒಡೆಯಲಾರರು, ಲಿಪಿ ಎಷ್ಟೇ ಸುಲಭದ್ದಾದರೂ. ಬರೀ "ಅಜ್ಜ" ಅಂತ ಒಂದೇ ಪದ ಕೊಟ್ಟರೆ ಅದು ಅಣ್ಣನೋ ಅಮ್ಮನೋ ಯಾರಿಗೂ ಗೊತ್ತಾಗಲ್ಲ. ರತ್ನ ಓದಿದ ಚೀಟಿಯಲ್ಲಿ 18 ಪದ ಇದ್ದವು, ನಾನು, ನೀನು, ಎರಡು ಕಡೆ ಅಲ್ಲಿ ಇದ್ದವು, ಅದಕ್ಕೇ ಬಂತು. 15 ಪದಕ್ಕೆ ಕಡಿಮೆ ಬೇಡ. ಬರೆದಮೇಲೆ ಚಾರ್ಟು ಕೊಡದೆ ಮನೆಯಲ್ಲಿ ನಿಮಗೇ ಮೊದಲು ಕೊಟ್ಟು ನೋಡಲಿ. ಒತ್ತಕ್ಷರ ಬರೆಯುವಾಗ ಮೇಲಿನ ಅಕ್ಷರ ಬದಲಾಯಿಸಿ ಕೆಳಗಿನದನ್ನು ಹಾಗೇ ಬಿಟ್ಟುಬಿಡುವುದು ಎಲ್ಲರೂ ಮಾಡುವ ತಪ್ಪು, ಅಂಥದ್ದೊಂದು ನುಸುಳಿದರೂ ಒಡೆಯುವವರು ದಾರಿ ತಪ್ಪುತ್ತಾರೆ. ಅದೊಂದನ್ನು ನೀವು ಇನ್ನೊಮ್ಮೆ ನೋಡಿಕೊಡಿ.